ಬದಲಿಗೆ ಹೀಗೆ ಓದಿಕೊಳ್ಳಿ

ಬ್ಯಾಂಕಿನ ಸಾಲ ವಿಭಾಗದಲ್ಲಿ ಕೂತವರಿಗೆ ತಿಂಗಳ ಮೊದಲ ಹತ್ತು ದಿನ ಸ್ಟಾಕ್ ಸ್ಟೇಟ್‌ಮೆಂಟುಗಳ ಸುಗ್ಗಿ. ಕ್ಯಾಶ್ ಕ್ರೆಡಿಟ್ ಸಾಲ ಪಡೆದ ಕಾರ್ಖಾನೆಯವರು, ಸಗಟು ವ್ಯಾಪಾರಿಗಳು ಎಲ್ಲರೂ ಹಿಂದಿನ ತಿಂಗಳ ಕೊನೆಯ ದಿನ ತಮ್ಮ ಗೋಡೌನಿನಲ್ಲಿ ಎಷ್ಟು ಮಾಲಿತ್ತು, ಮಾಲು ಕೊಟ್ಟವರಿಗೆ ಎಷ್ಟು ಕೊಡಬೇಕು, ಮಾಲು ಕೊಂಡವರಿಂದ ಎಷ್ಟು ಬರಬೇಕು ಎಂದು ಪಟ್ಟಿ ಮಾಡಿ ಕಳಿಸಬೇಕು. ಮೊದಲು ಅದು ಕಾಗದದಲ್ಲಿ, ಸೀಲು ಒತ್ತಿಸಿಕೊಂಡು, ಆಫೀಸಿನ ಹುಡುಗನ ಕೈಲಿ ಬರುತ್ತಿತ್ತು. ಆಮೇಲೆ ಮೇಲ್‌ನಲ್ಲಿ ಬರತೊಡಗಿತು. ಮೇಲ್ ಬಂದಮೇಲೆ ಹೊಸದೊಂದು ಜಾತಿಯ ಪತ್ರ ಹುಟ್ಟಿಕೊಂಡಿತು. ಮೊದಲ ಮೇಲ್ ಬಂದ ಅರ್ಧ ಗಂಟೆಗೋ ಮರುದಿನಕ್ಕೋ ಅದರ ಬೆನ್ನು ಹತ್ತಿ ಬರುವ ಎರಡನೆಯ ಮೇಲ್ ಅದು. ನೌಕರಿಯ ಕೊನೆಯ ವರ್ಷಗಳನ್ನು ಪೀಣ್ಯದ ಕಡೆಯ ಒಂದು ಶಾಖೆಯಲ್ಲಿ ಕಳೆದ ನಾನು ಈ ಎರಡನೆಯ ಮೇಲ್‌ಗಳನ್ನು ಓದಿ ಓದಿ, ವಿಷಯದ ಸಾಲು ನೋಡಿಯೇ ಅವುಗಳ ಕುಲಗೋತ್ರ ಹೇಳುವಷ್ಟು ಪಳಗಿದ್ದೇನೆ.

ಅವುಗಳಲ್ಲಿ ಕೆಲವು ಮೌನವ್ರತದವು. ಒಳಗೆ ಒಂದಕ್ಷರವೂ ಇರುವುದಿಲ್ಲ; ಬೆಳಿಗ್ಗೆ ಬಂದ ಹೆಸರಿನದೇ ಫೈಲು ಮಧ್ಯಾಹ್ನ ಮತ್ತೊಮ್ಮೆ ಬಂದು ಕೂತಿರುತ್ತದೆ. ಅದು ಬೇರೆಯದೋ, ಕೈತಪ್ಪಿ ಎರಡು ಸಲ ಬಂದದ್ದೋ ತಿಳಿಯಬೇಕಾದರೆ ಎರಡನ್ನೂ ತೆರೆದು ಅಕ್ಕಪಕ್ಕ ಇಟ್ಟುಕೊಂಡು, ವಾರಪತ್ರಿಕೆಯ ಮಕ್ಕಳ ಪುಟದಲ್ಲಿ ಎರಡು ಚಿತ್ರಗಳ ನಡುವಿನ ವ್ಯತ್ಯಾಸ ಹುಡುಕುವಂತೆ ಹುಡುಕಬೇಕು. ಇನ್ನು ಕೆಲವು ‘ಹಿಂದಿನ ಮೇಲ್ ಅನ್ನು ದಯವಿಟ್ಟು ಕಡೆಗಣಿಸಿ’ ಎನ್ನುತ್ತವೆ. ಕಡೆಗಣಿಸುವುದು ಹೇಗೆ? ನಾನದನ್ನು ಆಗಲೇ ಓದಿಯಾಗಿದೆ. ಅದರೊಳಗಿನ ಅಂಕಿ ಕಂಪ್ಯೂಟರಿಗೆ ಹೋಗಿಯಾಗಿದೆ. ಅದನ್ನು ನಂಬಿ ಒಂದೆರಡು ಚೆಕ್ಕು ಪಾಸಾಗಿಯೂ ಇರಬಹುದು. ಯಾವ ಅಂಕಿಯನ್ನು ಕಡೆಗಣಿಸಬೇಕು ಎಂದು ಹೇಳದೆ ಇಡೀ ಮೇಲನ್ನೇ ಕಡೆಗಣಿಸಿ ಅನ್ನುವವರು ನನ್ನ ಅರ್ಧ ದಿನದ ಕೆಲಸವನ್ನೇ ಕಡೆಗಣಿಸಿದ ಹಾಗೆ.

ಆದರೆ ನನಗೆ ಹೆಚ್ಚು ಕಷ್ಟ ಕೊಟ್ಟದ್ದು ಅಳುಮುಂಜಿ ಮೇಲ್‌ಗಳು. ‘ಆಗಿರುವ ಘೋರ ಪ್ರಮಾದಕ್ಕೆ ಅತ್ಯಂತ ವಿಷಾದಿಸುತ್ತೇವೆ’ ಎಂದು ಶುರುವಾಗಿ, ಸಿಬ್ಬಂದಿ ರಜೆಯಲ್ಲಿದ್ದದ್ದು, ಕರೆಂಟು ಹೋದದ್ದು, ಜಿಎಸ್‌ಟಿ ರಿಟರ್ನಿನ ಒತ್ತಡ, ಮಾಲೀಕರ ತಂದೆಯ ಅನಾರೋಗ್ಯ ಎಲ್ಲ ಮುಗಿದು ಮೂರನೆಯ ಪ್ಯಾರಾದ ನಡುವೆ ಎಲ್ಲೋ ಸರಿಯಾದ ಅಂಕಿ ಅವಿತು ಕೂತಿರುತ್ತದೆ. ಓದಿದ ನಮಗೆ ಈಗ ಎರಡು ಕೆಲಸ. ಅಂಕಿಯನ್ನು ಹುಡುಕಿ ತೆಗೆಯುವುದು ಒಂದು. ಬರೆದವರನ್ನು ಸಮಾಧಾನ ಮಾಡುವುದು ಇನ್ನೊಂದು. ತಪ್ಪು ಮಾಡಿದವರು ಅವರು, ‘ಪರವಾಗಿಲ್ಲ ಬಿಡಿ ಸಾರ್, ಎಲ್ಲರಿಗೂ ಆಗತ್ತೆ’ ಎಂದು ಫೋನು ಮಾಡಬೇಕಾದವರು ನಾವು. ತಂದೆಯ ಆರೋಗ್ಯ ವಿಚಾರಿಸದಿದ್ದರೆ ಅದೂ ಚೆನ್ನಾಗಿರುವುದಿಲ್ಲ.

ನಮ್ಮ ಕಚೇರಿಗಳಿಗೆ ಇದಕ್ಕಿಂತ ಒಣಕಲು ಶೈಲಿಯೂ ಒಂದಿದೆ: ‘ಕಣ್ತಪ್ಪಿನಿಂದ ತಪ್ಪಾಗಿ ನಮೂದಾಗಿರುತ್ತದೆ’. ಇದರಲ್ಲಿ ಮನುಷ್ಯರೇ ಇಲ್ಲ. ಅಂಕಿ ತಾನೇ ನಡೆದುಕೊಂಡು ಬಂದು ಖಾನೆಯಲ್ಲಿ ಕೂತಿತು. ಈಚಿನ ಹುಡುಗರು ಕಣ್ಣನ್ನು ಬಿಟ್ಟು ಸಿಸ್ಟಂ ಹಿಡಿದಿದ್ದಾರೆ. ‘ಸಿಸ್ಟಂ ಎರರ್‌ನಿಂದ’ ಎಂದು ಬರೆಯುತ್ತಾರೆ. ಹಾಗೆ ಬರೆದರೆ ಓದಿದವರಿಗೆ ಸಮಾಧಾನವಾಗುವುದಿಲ್ಲ, ದಿಗಿಲಾಗುತ್ತದೆ ಎಂಬುದು ಅವರಿಗೆ ಹೊಳೆಯುವುದೇ ಇಲ್ಲ. ಸಿಸ್ಟಮ್ಮೇ ತಪ್ಪು ಮಾಡುತ್ತದೆ ಅಂದರೆ ಪಟ್ಟಿಯ ಉಳಿದ ಅಂಕಿಗಳ ಗತಿಯೇನು? ಹೋದ ತಿಂಗಳ ಪಟ್ಟಿಯ ಗತಿಯೇನು?

ಇನ್ನು ಕಳಿಸಿದ್ದನ್ನು ವಾಪಸ್ ಎಳೆದುಕೊಳ್ಳಲು ನೋಡುವವರು. ಜಿಮೇಲ್‌ನಲ್ಲಿ ಕಳಿಸಿದ ತಕ್ಷಣ ಕೆಳಗೊಂದು ‘ಅನ್‌ಡೂ’ ಕಾಣಿಸುತ್ತದೆ. ಅದಕ್ಕೆ ಮೊದಲೇ ಇಟ್ಟಿರುವ ಗಡುವು 5 ಸೆಕೆಂಡ್. ಸೆಟ್ಟಿಂಗ್ಸಿಗೆ ಹೋಗಿ ಹೆಚ್ಚಿಸಿಕೊಂಡರೂ 30 ಸೆಕೆಂಡ್ ದಾಟುವುದಿಲ್ಲ. ಅದು ವಾಪಸ್ ಎಳೆಯುವುದೂ ಅಲ್ಲ. ಅಷ್ಟು ಹೊತ್ತು ಮೇಲನ್ನು ಹೊಸ್ತಿಲಲ್ಲೇ ಹಿಡಿದಿಟ್ಟಿರುತ್ತದೆ, ಅಷ್ಟೇ. ಹೆಚ್ಚಿನ ತಪ್ಪುಗಳು ಕಳಿಸಿದ ಮೂವತ್ತೊಂದನೆಯ ಸೆಕೆಂಡಿಗೇ ಕಣ್ಣಿಗೆ ಬೀಳುತ್ತವೆ ಎಂಬುದು ಬೇರೆ ಮಾತು. ಔಟ್‌ಲುಕ್‌ನಲ್ಲಿ ‘ರೀಕಾಲ್’ ಎಂಬ ಗುಂಡಿ ಇದೆ, ಆದರೆ ಅದರ ಅಧಿಕಾರ ಒಂದೇ ಸಂಸ್ಥೆಯ ಒಳಗೆ ಮಾತ್ರ. ಕಾರ್ಖಾನೆಯಿಂದ ಬ್ಯಾಂಕಿಗೆ ಹೊರಟ ಮೇಲನ್ನು ಅದು ಮುಟ್ಟಲಾರದು. ಬದಲಿಗೆ, ಇಂಥವರು ಇಂಥ ಮೇಲನ್ನು ಹಿಂಪಡೆಯಲು ಬಯಸುತ್ತಾರೆ ಎಂಬ ಸಂದೇಶವೊಂದು ಕೆಲವೊಮ್ಮೆ ನಮ್ಮ ಪೆಟ್ಟಿಗೆಗೆ ಬಂದು ಬೀಳುತ್ತದೆ. ಅಲ್ಲಿಯವರೆಗೆ ಆ ಮೇಲನ್ನು ತೆರೆಯದೆ ಸುಮ್ಮನಿದ್ದವನೂ ಆಗ ಕನ್ನಡಕ ಹಾಕಿಕೊಂಡು ಓದಲು ಕೂರುತ್ತಾನೆ.

ಹೀಗಿರುವಾಗ, ನಮ್ಮ ಪೆಟ್ಟಿಗೆಯಲ್ಲಿ ನಾನು ಕಂಡ ಒಂದು ಒಳ್ಳೆಯ ಎರಡನೆಯ ಮೇಲ್ ಬಗ್ಗೆ ಹೇಳಬೇಕು. ಕಳಿಸಿದ್ದು ಲೋಹದ ಬಿಡಿಭಾಗ ಮಾಡುವ ಸಣ್ಣ ಘಟಕವೊಂದರಲ್ಲಿ ಲೆಕ್ಕ ನೋಡಿಕೊಳ್ಳುತ್ತಿದ್ದ ಹೆಣ್ಣುಮಗಳು. ಘಟಕದ ಗುರುತು ಹತ್ತಬಾರದೆಂದು ಅಂಕಿಗಳನ್ನು ನಾನು ದುಂಡಗೆ ಮಾಡಿದ್ದೇನೆ. ಆಗಿದ್ದು ಮಾತ್ರ ಹೀಗೆಯೇ.

ಮೊದಲು ಲೆಕ್ಕ ಸ್ವಲ್ಪ ತಿಳಿಯಬೇಕು. ಆ ಘಟಕಕ್ಕೆ ಮಂಜೂರಾಗಿದ್ದ ಸಾಲದ ಮಿತಿ 60 ಲಕ್ಷ. ಹಾಗೆಂದು ಯಾವಾಗ ಬೇಕಾದರೂ 60 ಲಕ್ಷದವರೆಗೆ ತೆಗೆಯಬಹುದು ಅಂತಲ್ಲ. ಆಯಾ ತಿಂಗಳು ಎಷ್ಟು ತೆಗೆಯಬಹುದು ಎಂಬುದನ್ನು ಸ್ಟಾಕ್ ಸ್ಟೇಟ್‌ಮೆಂಟ್ ನೋಡಿ ಬ್ಯಾಂಕು ಲೆಕ್ಕ ಹಾಕುತ್ತದೆ. ಅದಕ್ಕೆ ಡ್ರಾಯಿಂಗ್ ಪವರ್ ಅಂತಾರೆ, ಬಾಯಲ್ಲಿ ಡಿಪಿ. ಇರುವ ದಾಸ್ತಾನಿನಲ್ಲಿ ಇನ್ನೂ ಹಣ ಕೊಡದೆ ಸಾಲದ ಮೇಲೆ ತಂದ ಮಾಲಿನ ಬೆಲೆ ಕಳೆಯಬೇಕು. ಉಳಿದದ್ದರಲ್ಲಿ ಮಾರ್ಜಿನ್ ಎಂದು ಒಂದು ಪಾಲು ಬಿಡಬೇಕು; ಇವರಿಗೆ ಅದು ಶೇಕಡಾ 25. ಗಿರಾಕಿಗಳಿಂದ ಬರಬೇಕಾದ ಬಾಕಿಯಲ್ಲಿ 90 ದಿನಕ್ಕಿಂತ ಹಳೆಯದನ್ನು ಬಿಟ್ಟು, ಉಳಿದದ್ದರಲ್ಲಿ ಶೇಕಡಾ 40 ಬಿಡಬೇಕು. ಎರಡನ್ನೂ ಕೂಡಿಸಿದರೆ ಡಿಪಿ.

ಆ ಆಗಸ್ಟ್ ತಿಂಗಳ ಕೊನೆಗೆ ಅವರ ದಾಸ್ತಾನು 48.60 ಲಕ್ಷ. ಕೊಡಬೇಕಾದದ್ದು 12.60 ಲಕ್ಷ. ಕಳೆದರೆ 36 ಲಕ್ಷ. ಅದರಲ್ಲಿ ಕಾಲು ಪಾಲು ಬಿಟ್ಟರೆ 27 ಲಕ್ಷ. ಬರಬೇಕಾದ ಬಾಕಿ 30 ಲಕ್ಷ. ಅದರಿಂದ ಸಿಗುವುದು 18 ಲಕ್ಷ. ಒಟ್ಟು ಡಿಪಿ 45 ಲಕ್ಷ. ಆದರೆ ಬೆಳಿಗ್ಗೆ ಬಂದ ಪಟ್ಟಿಯ ಮೊದಲ ಪುಟದಲ್ಲಿ ದಾಸ್ತಾನು ಎಂಬಲ್ಲಿ 84.60 ಎಂದಿತ್ತು. ಎಂಟೂ ನಾಲ್ಕೂ ಜಾಗ ಅದಲುಬದಲು ಮಾಡಿಕೊಂಡಿದ್ದವು. ಈ ಅಂಕಿ ಹಿಡಿದು ಲೆಕ್ಕ ಹಾಕಿದರೆ ಡಿಪಿ 72 ಲಕ್ಷ ಬರುತ್ತದೆ. ಮಿತಿಯೇ 60 ಆದ್ದರಿಂದ 60ಕ್ಕೆ ನಿಲ್ಲುತ್ತದೆ. ಎರಡು ಅಂಕಿಗಳ ಕಾಲು ಜಾರಿದ್ದಕ್ಕೆ, ಹಕ್ಕಿಲ್ಲದ 15 ಲಕ್ಷ ತೆಗೆಯುವ ದಾರಿ ತೆರೆದುಕೊಂಡಿತು. ನಮ್ಮ ಶಾಖೆಯ ಕಿರಿಯ ಅಧಿಕಾರಿ ಮೊದಲ ಪುಟ ಮಾತ್ರ ನೋಡಿ, 60 ಎಂದು ಕಂಪ್ಯೂಟರಿಗೆ ಹಾಕಿ, ಕಾಫಿಗೆ ಹೋದ. ಎರಡನೆಯ ಪುಟದಲ್ಲಿ ಕಚ್ಚಾ ಮಾಲು 21.40, ಅರ್ಧ ತಯಾರಾದದ್ದು 9.70, ಸಿದ್ಧ ಮಾಲು 17.50 ಎಂದು ವಿವರ ಇತ್ತು. ಕೂಡಿದ್ದರೆ ಅಲ್ಲೇ ಸಿಕ್ಕಿಬೀಳುತ್ತಿತ್ತು. ಕೂಡಲಿಲ್ಲ.

ಆಕೆ ಅದನ್ನು ಕಂಡುಹಿಡಿದ ಬಗೆಯನ್ನು ಆಮೇಲೊಮ್ಮೆ ಸಾಲದ ನವೀಕರಣಕ್ಕೆಂದು ಶಾಖೆಗೆ ಬಂದಾಗ ಹೇಳಿದಳು. ಮಧ್ಯಾಹ್ನ ಬೇರೆ ಯಾವುದಕ್ಕೋ ಟ್ಯಾಲಿಯ ಲೆಕ್ಕ ತೆರೆದಾಗ ದಾಸ್ತಾನು ಬೇರೆ ಕಂಡಿತು. ವ್ಯತ್ಯಾಸ ತೆಗೆದಳು: 36 ಲಕ್ಷ. ಮೂರೂ ಆರೂ ಒಂಬತ್ತು. ಲೆಕ್ಕದವರ ಹಳೆಯ ಉಪಾಯ ಇದು. ಎರಡು ಮೊತ್ತಗಳ ವ್ಯತ್ಯಾಸ ಒಂಬತ್ತರಿಂದ ಪೂರ್ತಿ ಭಾಗವಾದರೆ ಅಂಕಿಗಳು ಹಿಂದುಮುಂದಾಗಿರಬಹುದೇ ನೋಡು ಅನ್ನುತ್ತಾರೆ. ಅಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೆ ವ್ಯತ್ಯಾಸ ಯಾವಾಗಲೂ ಒಂಬತ್ತರ ಮಗ್ಗಿಯಲ್ಲೇ ಬೀಳುತ್ತದೆ. ಸೊನ್ನೆಯೊಂದು ಹೆಚ್ಚಾದಾಗಲೂ ಹಾಗೆಯೇ. ಒಂಬತ್ತರಿಂದ ಭಾಗವಾಯಿತು ಎಂದ ಮಾತ್ರಕ್ಕೆ ಕಾರಣ ಇದೇ ಎಂದೇನಲ್ಲ, ಆದರೆ ಎಲ್ಲಿಂದ ಹುಡುಕಲು ಶುರುಮಾಡಬೇಕು ಎಂಬುದು ಗೊತ್ತಾಗುತ್ತದೆ. ಆಕೆಗೆ ಒಂದೇ ನಿಮಿಷದಲ್ಲಿ ಸಿಕ್ಕಿತು. ಉಳಿದ ಖಾನೆಗಳಿಗೆಲ್ಲ ಸೂತ್ರ ಕೊಟ್ಟಿದ್ದಳು. ಮೊದಲ ಪುಟದ ಆ ಒಂದು ಖಾನೆಯನ್ನು ಮಾತ್ರ ಚೀಟಿ ನೋಡಿ ಕೈಯಲ್ಲಿ ಹೊಡೆದಿದ್ದಳು.

ಮುಂದೆ ಆಕೆ ಮಾಡಿದ್ದು ಮೇಲ್ ಬರೆಯುವುದನ್ನಲ್ಲ. ಶಾಖೆಗೆ ಫೋನು ಮಾಡಿದಳು. ‘ಸಾರ್, ಬೆಳಿಗ್ಗೆ ಕಳಿಸಿದ ಸ್ಟೇಟ್‌ಮೆಂಟಲ್ಲಿ ಸ್ಟಾಕ್ ಫಿಗರ್ ತಪ್ಪಿದೆ. ಡಿಪಿ ಏರಿಸಬೇಡಿ. ಇನ್ನೊಂದು ಹದಿನೈದು ನಿಮಿಷದಲ್ಲಿ ಸರಿ ಮಾಡಿದ್ದನ್ನ ಕಳಿಸ್ತೀನಿ.’ ಅಷ್ಟೇ. ಫೋನು ಎತ್ತಿದ ನಾನು ‘ಸರಿಯಮ್ಮಾ’ ಅಂದೆ, ಬೆಳಿಗ್ಗೆ 60 ಹಾಕಿದ್ದ ಹುಡುಗನಿಗೆ ಡಿಪಿಯನ್ನು ಹಿಂದಿನ ತಿಂಗಳ ಮೊತ್ತಕ್ಕೇ ಇಳಿಸು ಅಂದೆ. ತಪ್ಪು ಅಂಕಿಯನ್ನು ಹಿಡಿದು ಯಾರಾದರೂ ಈ ಕ್ಷಣ ಕೆಲಸ ಮಾಡುತ್ತಿದ್ದಾರೆ ಎಂಬ ಅನುಮಾನವಿದ್ದರೆ ಮೊದಲು ಫೋನು, ಆಮೇಲೆ ಮೇಲ್. ಮೇಲ್ ದಾಖಲೆಗೆ, ಕೈ ತಡೆಯುವುದಕ್ಕೆ ಫೋನೇ ಬೇಕು. ಅಂಥ ಅವಸರ ಇಲ್ಲದಿದ್ದರೆ ಫೋನಿನ ಗೋಜಿಗೆ ಹೋಗದಿರುವುದು ಒಳ್ಳೆಯದು. ಎಲ್ಲದಕ್ಕೂ ಫೋನು ಮಾಡಿದರೆ ಅದೂ ಒಂದು ಬಗೆಯ ಅಳುವೇ.

ಆ ಹದಿನೈದು ನಿಮಿಷ ಆಕೆ ಏನು ಮಾಡಿದಳು ಎಂಬುದು ಮುಖ್ಯ. ಬೇರೆ ತಪ್ಪಿದೆಯೇ ಎಂದು ಪಟ್ಟಿಯನ್ನು ಮೊದಲಿಂದ ಕೊನೆಯವರೆಗೆ ಟ್ಯಾಲಿಯ ಜತೆ ತಾಳೆ ನೋಡಿದಳು. ತಪ್ಪು ಕಂಡ ಕೂಡಲೇ ಎದೆ ಹೊಡೆದುಕೊಂಡು ಎರಡೇ ನಿಮಿಷದಲ್ಲಿ ತಿದ್ದಿ ಕಳಿಸುವವರು ಸಾಮಾನ್ಯವಾಗಿ ಮೂರನೆಯ ಮೇಲನ್ನೂ ಕಳಿಸುತ್ತಾರೆ. ತಿದ್ದುಪಡಿಗೆ ತಿದ್ದುಪಡಿ ಬಂತೋ, ಆಮೇಲೆ ಆ ಘಟಕದ ಯಾವ ಅಂಕಿಯನ್ನೂ ಯಾರೂ ಕೂಡಿ ಕಳೆಯದೆ ಒಪ್ಪಿಕೊಳ್ಳುವುದಿಲ್ಲ. ಮೊದಲ ತಪ್ಪಿಗೆ ಕ್ಷಮೆ ಧಾರಾಳವಾಗಿ ಸಿಗುತ್ತದೆ. ಎರಡನೆಯದಕ್ಕೆ ಸಿಗುವುದು ನಗು.

ಆಮೇಲೆ ಬಂದ ಮೇಲ್ ಇಂಗ್ಲಿಷಿನಲ್ಲಿತ್ತು. ಕನ್ನಡದಲ್ಲಿ ಹೇಳಿದರೆ ಹೀಗೆ:

ವಿಷಯ: ತಿದ್ದುಪಡಿ – ಆಗಸ್ಟ್ ಸ್ಟಾಕ್ ಸ್ಟೇಟ್‌ಮೆಂಟ್ – ದಾಸ್ತಾನು 48.60 ಲಕ್ಷ (84.60 ಅಲ್ಲ)

ಮಾನ್ಯರೇ, ಇಂದು ಬೆಳಿಗ್ಗೆ 11.20ಕ್ಕೆ ಕಳಿಸಿದ ಆಗಸ್ಟ್ ತಿಂಗಳ ಪಟ್ಟಿಯ ಮೊದಲ ಪುಟದಲ್ಲಿ ಒಟ್ಟು ದಾಸ್ತಾನನ್ನು 84.60 ಲಕ್ಷ ಎಂದು ತಪ್ಪಾಗಿ ಟೈಪ್ ಮಾಡಿದ್ದೇನೆ. ಸರಿಯಾದ ಮೊತ್ತ 48.60 ಲಕ್ಷ. ಇದರಿಂದ ಡಿಪಿ 60 ಲಕ್ಷದ ಬದಲು 45 ಲಕ್ಷ ಆಗುತ್ತದೆ. ಕೊಡಬೇಕಾದ ಮತ್ತು ಬರಬೇಕಾದ ಬಾಕಿಗಳಲ್ಲಿ ಬದಲಾವಣೆ ಇಲ್ಲ. ಎಲ್ಲ ಮೊತ್ತಗಳನ್ನೂ ಟ್ಯಾಲಿಯೊಂದಿಗೆ ಮತ್ತೆ ತಾಳೆ ನೋಡಿದ್ದೇನೆ.

ತಿದ್ದಿದ ಪಟ್ಟಿ Stock_Aug_Rev1.xlsx ಲಗತ್ತಿಸಿದೆ. ಮೊದಲಿನದರ ಬದಲು ಇದನ್ನು ಬಳಸಿ. ಮೊದಲಿನದನ್ನು ಬೇರೆ ಯಾರಿಗಾದರೂ ಕಳಿಸಿದ್ದರೆ ಇದನ್ನೂ ಕಳಿಸಬೇಕೆಂದು ಕೋರಿಕೆ. ತೊಂದರೆಗೆ ಕ್ಷಮಿಸಿ.

ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಸರ್ಕಾರದ ತಿದ್ದೋಲೆ. ಸರ್ಕಾರಿ ಕನ್ನಡವನ್ನು ಗೇಲಿ ಮಾಡುವುದು ನಮಗೆಲ್ಲ ರೂಢಿ, ನಾನೂ ಮಾಡಿದವನೇ. ಆದರೆ ತಿದ್ದೋಲೆಯ ಅಚ್ಚುಕಟ್ಟನ್ನು ಮೆಚ್ಚಲೇಬೇಕು. ಇಂಥ ಸಂಖ್ಯೆಯ, ಇಂಥ ದಿನಾಂಕದ ಆದೇಶದ ಇಂಥ ಪುಟದ ಇಂಥ ಸಾಲಿನಲ್ಲಿ ಹೀಗೆ ಎಂಬುದರ ಬದಲಿಗೆ ಹೀಗೆ ಎಂದು ಓದಿಕೊಳ್ಳತಕ್ಕದ್ದು. ಆದೇಶದ ಉಳಿದ ಅಂಶಗಳಲ್ಲಿ ಯಾವುದೇ ಬದಲಾವಣೆ ಇರುವುದಿಲ್ಲ. ಮುಗಿಯಿತು. ಯಾರು ತಪ್ಪು ಮಾಡಿದರು, ಏಕೆ, ಅವರಿಗೆ ಎಷ್ಟು ದುಃಖವಾಗಿದೆ, ಒಂದೂ ಇಲ್ಲ. ಓದಿದವನು ಪೆನ್ನು ಹಿಡಿದು ಹಳೆಯ ಆದೇಶದ ಆ ಸಾಲನ್ನು ಹೊಡೆದು ಮೇಲೆ ಹೊಸದನ್ನು ಬರೆದುಕೊಂಡರೆ ಕೆಲಸ ಆಯಿತು. ತಿದ್ದೋಲೆಯಲ್ಲಿ ಕ್ಷಮೆ ಎಂಬ ಪದವೇ ಇರುವುದಿಲ್ಲ ಎಂಬುದೊಂದು ಕೊರತೆ. ಸರ್ಕಾರಕ್ಕೆ ಅದು ನಡೆಯುತ್ತದೆ, ನಾಳೆಯೂ ಮುಖ ನೋಡಬೇಕಾದ ಬ್ಯಾಂಕಿಗೂ ಗಿರಾಕಿಗೂ ನಡೆಯುವುದಿಲ್ಲ. ಆಕೆ ಆ ಒಂದು ಪದವನ್ನು ಕೊನೆಗೆ ಇಟ್ಟಿದ್ದಳು. ಮೊದಲಿಗೆ ಇಟ್ಟಿದ್ದರೆ ನಾನು ಅಂಕಿಗಾಗಿ ಕಾಯಬೇಕಿತ್ತು.

ತಪ್ಪು ಅಂಕಿಯನ್ನೂ ಸರಿ ಅಂಕಿಯನ್ನೂ ಪಕ್ಕಪಕ್ಕದಲ್ಲಿ ಇಟ್ಟಿದ್ದನ್ನು ಗಮನಿಸಬೇಕು. ನಾಚಿಕೆಯಿಂದ ಬರೆಯುವವರು ತಪ್ಪು ಅಂಕಿಯನ್ನು ಮತ್ತೊಮ್ಮೆ ಬರೆಯಲು ಹಿಂಜರಿಯುತ್ತಾರೆ, ಸರಿಯಾದದ್ದನ್ನಷ್ಟೇ ಕೊಡುತ್ತಾರೆ. ಆದರೆ ನನ್ನ ಕಂಪ್ಯೂಟರಿನಲ್ಲಿ, ರಿಜಿಸ್ಟರಿನಲ್ಲಿ ಕೂತಿರುವುದು ತಪ್ಪು ಅಂಕಿ. ಅದನ್ನು ಹುಡುಕಿ ಕಿತ್ತುಹಾಕಬೇಕಾದರೆ ಅದರ ಗುರುತು ನನಗೆ ಬೇಕು. ಹಳೆಯ ಕಾಲದ ಲೆಜರುಗಳಲ್ಲಿ ತಪ್ಪಿದ ಅಂಕಿಯನ್ನು ಕೆರೆದು ಅಳಿಸುವಂತಿರಲಿಲ್ಲ. ಓದಲು ಬರುವ ಹಾಗೆ ಒಂದೇ ಗೆರೆ ಎಳೆದು, ಮೇಲೆ ಸರಿಯಾದದ್ದನ್ನು ಬರೆದು, ಪಕ್ಕದಲ್ಲಿ ಚಿಕ್ಕ ಸಹಿ ಹಾಕಬೇಕಿತ್ತು. ಕೆರೆದಿದ್ದು ಕಂಡರೆ ಇನ್‌ಸ್ಪೆಕ್ಷನ್‌ಗೆ ಬಂದವರು ಆ ಪುಟ ಬಿಟ್ಟು ಏಳುತ್ತಿರಲಿಲ್ಲ.

‘ಬದಲಾವಣೆ ಇಲ್ಲ’ ಎಂಬ ಸಾಲಂತೂ ಬಹಳ ಜನ ಮರೆಯುವಂಥದ್ದು. ಒಂದು ಅಂಕಿ ತಪ್ಪಿದೆ ಎಂದು ಕೇಳಿದವನಿಗೆ ಮೊದಲು ಬರುವ ಪ್ರಶ್ನೆ, ಉಳಿದದ್ದು ಸರಿಯಿದೆಯೇ? ಅದಕ್ಕೆ ಉತ್ತರ ಮೇಲ್‌ನಲ್ಲೇ ಇಲ್ಲದಿದ್ದರೆ ಅವನು ಕೇಳಿ ಮೇಲ್ ಬರೆಯುತ್ತಾನೆ, ಇವರು ನೋಡಿ ಹೇಳುತ್ತೇವೆ ಅನ್ನುತ್ತಾರೆ, ಹೀಗೆ ಸಂಜೆಯಾಗುತ್ತದೆ. ಕಾರಣವನ್ನು ಹೇಳಬೇಕೇ ಬೇಡವೇ ಎಂಬುದನ್ನೂ ನಾನು ಇದೇ ಅಳತೆಗೋಲಿನಿಂದ ನೋಡುತ್ತೇನೆ. ‘ಟೈಪ್ ಮಾಡಿದ್ದೇನೆ’ ಎಂಬ ಎರಡು ಪದ ನನಗೆ ಉಪಯೋಗದ ಕಾರಣ. ತಪ್ಪು ಒಂದು ಖಾನೆಯದು, ಲೆಕ್ಕದ ಪುಸ್ತಕದ್ದಲ್ಲ ಎಂದು ಅದರಿಂದ ತಿಳಿಯುತ್ತದೆ. ಸಿಬ್ಬಂದಿಯ ರಜೆಯಿಂದ ನನಗೇನೂ ತಿಳಿಯುವುದಿಲ್ಲ.

ಬರೆದದ್ದಷ್ಟೇ ಅಲ್ಲ, ಬರೆಯದೆ ಬಿಟ್ಟದ್ದೂ ಇತ್ತು. ಅದು ತಿಳಿದದ್ದು ಆಮೇಲೆ, ಮಾಲೀಕರೇ ಹೇಳಿದಾಗ. ಆ ದಿನ ಅವರ ಖಾತೆಯಲ್ಲಿ ಆಗಲೇ 43 ಲಕ್ಷ ತೆಗೆದಾಗಿತ್ತು. ಉಕ್ಕು ಕೊಟ್ಟವರಿಗೆ ಬರೆದ 6 ಲಕ್ಷದ ಚೆಕ್ಕು ಮರುದಿನ ಕ್ಲಿಯರಿಂಗಿಗೆ ಬರುವುದಿತ್ತು. ತಪ್ಪು ಪಟ್ಟಿ ಹಾಗೇ ಇದ್ದಿದ್ದರೆ ಚೆಕ್ಕು ಸಲೀಸಾಗಿ ಪಾಸಾಗುತ್ತಿತ್ತು. ತಿದ್ದಿದರೆ ಉಳಿಯುವ ಜಾಗ 2 ಲಕ್ಷ, ಚೆಕ್ಕು ವಾಪಸ್. ಮಾಲೀಕರಿಗೆ ಒಂದು ಗಳಿಗೆ ಆಸೆಯಾದದ್ದು ಸಹಜ. ‘ನಾಳೆ ಸಂಜೆ ಕಳಿಸಿದ್ರಾಯ್ತಲ್ಲಮ್ಮಾ’ ಅಂದರಂತೆ. ಆಕೆ, ‘ಫೋನ್ ಮಾಡಿಬಿಟ್ಟಿದ್ದೀನಿ ಸಾರ್’ ಅಂದಳಂತೆ. ಆಗ ಮಾಲೀಕರು ಇನ್ನೊಂದು ಸೂಚನೆ ಕೊಟ್ಟರು. ಹೇಗೂ ಮೇಲ್ ಹೋಗುತ್ತಿದೆಯಲ್ಲ, ಅದರಲ್ಲೇ ಕೊನೆಗೆ, ನಮ್ಮ ಹಳೆಯ ಸಂಬಂಧ ನೋಡಿ ನಾಳೆಯ ಚೆಕ್ಕನ್ನು ದಯವಿಟ್ಟು ಪಾಸು ಮಾಡಿ ಎಂದು ಸೇರಿಸು.

ಆಕೆ ಸೇರಿಸಲಿಲ್ಲ. ಆ ಕೋರಿಕೆಯನ್ನು ಬೇರೆ ಮೇಲ್‌ನಲ್ಲಿ, ಮಾಲೀಕರ ಹೆಸರಿನಲ್ಲೇ ಕಳಿಸಿದಳು. ಇದು ಚಿಕ್ಕ ವಿಷಯದಂತೆ ಕಾಣುತ್ತದೆ, ಆದರೆ ಸಾಲ ವಿಭಾಗದಲ್ಲಿ ಕೂತವನ ಕಣ್ಣಿಗೆ ದೊಡ್ಡದು. ತಿದ್ದುಪಡಿಯ ಬಾಲಕ್ಕೆ ಬೇಡಿಕೆ ಕಟ್ಟಿದರೆ ತಿದ್ದುಪಡಿಯೇ ಚೌಕಾಸಿಯಂತೆ ಕಾಣಲು ಶುರುವಾಗುತ್ತದೆ: ನಾನು ನಿಜ ಹೇಳಿದ್ದೇನೆ, ಈಗ ನೀವು ನನಗೇನು ಕೊಡುತ್ತೀರಿ? ಮೇಲಾಗಿ, ಆ ಪಟ್ಟಿಯ ಮೇಲ್ ಕಡತಕ್ಕೆ ಹೋಗುವಂಥದ್ದು. ಚೆಕ್ಕಿನ ಕೋರಿಕೆ ಮ್ಯಾನೇಜರರ ಮೇಜಿಗೆ ಹೋಗುವಂಥದ್ದು. ಎರಡರ ದಾರಿಯೇ ಬೇರೆ. ಚೆಕ್ಕಿನ ಕತೆ ಏನಾಯಿತೆಂದು ಕೇಳುವವರಿಗಾಗಿ ಹೇಳುತ್ತೇನೆ. ಅವರು ತಮ್ಮ ಗಿರಾಕಿಯೊಬ್ಬರನ್ನು ಹಿಡಿದು ಬೆಳಿಗ್ಗೆಯೇ 5 ಲಕ್ಷ ಹಾಕಿಸಿದರು. ಚೆಕ್ಕು ಪಾಸಾಯಿತು. ನಮ್ಮ ದಯೆ ಬೇಕಾಗಲಿಲ್ಲ.

ಆಕೆ ತಿದ್ದದೆ ಬಿಟ್ಟಿದ್ದರೆ? ಬ್ಯಾಂಕಿನವರು ಆಗೀಗ ಗೋಡೌನಿಗೆ ಹೋಗಿ ಮಾಲು ಎಣಿಸುತ್ತಾರೆ, ಸ್ಟಾಕ್ ಆಡಿಟ್‌ಗೆಂದು ಹೊರಗಿನ ಲೆಕ್ಕಪರಿಶೋಧಕರನ್ನೂ ಕಳಿಸುತ್ತಾರೆ. ಅವರು ಹಳೆಯ ಪಟ್ಟಿಯನ್ನು ಪುಸ್ತಕದ ಜತೆ ಹೋಲಿಸಿ ನೋಡಿದಾಗ ಇದೇ 36 ಲಕ್ಷ ಕಾಣುತ್ತದೆ. ಆಗ ಅವರ ವರದಿಯಲ್ಲಿ ಟೈಪಿಂಗ್ ತಪ್ಪು ಎಂದು ಬರೆಯುವುದಿಲ್ಲ. ದಾಸ್ತಾನನ್ನು ಹೆಚ್ಚಿಸಿ ತೋರಿಸಲಾಗಿದೆ ಎಂದು ಬರೆಯುತ್ತಾರೆ. ಅಂಕಿ ಅದೇ, ಎಂಟೂ ನಾಲ್ಕೂ ಅವೇ. ಆ ಸಾಲನ್ನು ವರದಿಯಿಂದ ತೆಗೆಸಲು ಮಾಲೀಕರು ಎಷ್ಟು ಸಲ ಶಾಖೆಯ ಮೆಟ್ಟಿಲು ಹತ್ತಬೇಕಾಗುತ್ತಿತ್ತೋ.

ಅಂಕಿ ತಪ್ಪುವುದು ಒಂದು ಬಗೆ. ಲಗತ್ತು ತಪ್ಪುವುದರಲ್ಲಿ ಇನ್ನೂ ಒಳಭೇದಗಳಿವೆ. ‘ಲಗತ್ತಿಸಿದೆ’ ಎಂದು ಬರೆದು ಏನನ್ನೂ ಲಗತ್ತಿಸದಿರುವುದು ತಪ್ಪೇ ಅಲ್ಲ, ಅದು ಮನುಷ್ಯನ ಲಕ್ಷಣ. ‘ಲಗತ್ತು ಇದರೊಂದಿಗೆ’ ಎಂದು ಮತ್ತೊಮ್ಮೆ ಕಳಿಸಿದರೆ ಸಾಕು, ಕ್ಷಮೆಯೂ ಬೇಡ. ಜುಲೈನದನ್ನು ಆಗಸ್ಟಿನದೆಂದು ಕಳಿಸಿದರೆ ಮೇಲೆ ಹೇಳಿದಂಥದ್ದೇ ಮೇಲ್. ಫೈಲಿನ ಹೆಸರು ಮಾತ್ರ ಬೇರೆ ಇರಬೇಕು, ಅದೂ ಓದಿದರೆ ತಿಳಿಯುವ ಹಾಗೆ. Final, Final2, FinalNew ಎಂಬ ಹೆಸರುಗಳಲ್ಲಿ ಯಾವುದು ಯಾವುದರ ತಾತ ಎಂದು ಹೇಳಲು ಜ್ಯೋತಿಷಿ ಬೇಕು.

ನಿಜವಾಗಿ ಹೆದರಬೇಕಾದದ್ದು ಬೇರೆಯವರ ಕಾಗದ ಹೋದಾಗ. ಒಮ್ಮೆ ಒಂದು ಘಟಕದಿಂದ ಸ್ಟಾಕ್ ಸ್ಟೇಟ್‌ಮೆಂಟಿನ ಜಾಗದಲ್ಲಿ ಅವರ ಸಂಬಳದ ಪಟ್ಟಿ ಬಂತು. ಯಾರಿಗೆ ಎಷ್ಟು, ಯಾರು ಎಷ್ಟು ಮುಂಗಡ ಪಡೆದಿದ್ದಾರೆ, ಅವರ ಖಾತೆ ಸಂಖ್ಯೆಗಳು, ಎಲ್ಲ. ಇಲ್ಲಿ ಸರಿಯಾದ ಫೈಲನ್ನು ಕಳಿಸುವುದು ಎರಡನೆಯ ಕೆಲಸ. ತಪ್ಪಾಗಿ ಹೋದದ್ದನ್ನು ಅಳಿಸಿಹಾಕಿ ಎಂದು ಕೇಳುವುದು ಮೊದಲನೆಯದು. ಏನು ಹೋಗಿದೆ ಎಂದು ಮಾತ್ರ ಹೇಳಬೇಕು, ಅದರೊಳಗಿನದನ್ನು ವರ್ಣಿಸಬಾರದು. ‘ತೆರೆಯದೆ ಅಳಿಸಿ, ಯಾರಿಗೂ ಕಳಿಸಬೇಡಿ, ಅಳಿಸಿದ್ದಕ್ಕೆ ಒಂದು ಸಾಲು ಉತ್ತರ ಕೊಡಿ’ ಎಂದು ಬರೆದರೆ ಆಯಿತು. ತಮ್ಮ ಮೇಲಿನವರಿಗೂ ತಿಳಿಸಬೇಕು. ಅದು ತಮ್ಮೊಬ್ಬರ ತಪ್ಪಾಗಿ ಉಳಿದಿಲ್ಲ, ಸಂಬಳ ಪಡೆಯುವವರ ವಿಷಯವಾಗಿದೆ. ಇಂಥ ಹೊತ್ತಿನಲ್ಲಿ ಗಾಬರಿಯಾದವರು ಮಾಡುವ ಎಡವಟ್ಟು ಒಂದಿದೆ. ತಾವು ಕಳಿಸಿದ ಮೇಲನ್ನೇ ಫಾರ್ವರ್ಡ್ ಮಾಡಿ, ಮೇಲೆ ಕ್ಷಮೆ ಬರೆದು ಕಳಿಸುತ್ತಾರೆ. ಫಾರ್ವರ್ಡ್ ಮಾಡಿದರೆ ಹಳೆಯ ಲಗತ್ತೂ ಜತೆಯಲ್ಲೇ ಹೋಗುತ್ತದೆ. ರಿಪ್ಲೈ ಮಾಡಿದರೆ ಸಾಮಾನ್ಯವಾಗಿ ಹೋಗುವುದಿಲ್ಲ. ಆ ಸಂಬಳದ ಪಟ್ಟಿ ನಮಗೆ ಬಂದದ್ದು ಹೀಗೆ ಎರಡು ಸಲ. ಎರಡನೆಯ ಸಲ ನಮ್ಮ ಪ್ರಾದೇಶಿಕ ಕಚೇರಿಗೂ ಒಂದು ಪ್ರತಿ ಇತ್ತು.

ಯಾರಿಗೆಲ್ಲ ಕಳಿಸಬೇಕು ಎಂಬುದಕ್ಕೆ ಇಲ್ಲೇ ಉತ್ತರವಿದೆ. ತಪ್ಪು ಯಾರ್‍ಯಾರಿಗೆ ಹೋಯಿತೋ ತಿದ್ದುಪಡಿಯೂ ಅಷ್ಟು ಜನಕ್ಕೇ ಹೋಗಬೇಕು. ಒಬ್ಬರು ಹೆಚ್ಚಿಲ್ಲ, ಒಬ್ಬರು ಕಡಿಮೆ ಇಲ್ಲ. ಮ್ಯಾನೇಜರಿಗೆ ಗೊತ್ತಾಗದಿರಲಿ ಎಂದು ಗುಮಾಸ್ತನಿಗೆ ಮಾತ್ರ ಕಳಿಸುವವರಿದ್ದಾರೆ. ಆಗ ಮ್ಯಾನೇಜರು ಮೀಟಿಂಗಿನಲ್ಲಿ ಹಳೆಯ ಅಂಕಿ ಹೇಳಿ ತಲೆ ತಗ್ಗಿಸುತ್ತಾರೆ. ಪ್ರಾಮಾಣಿಕತೆ ಮೆರೆಯಲು ಇಡೀ ಊರಿಗೆ ಪ್ರತಿ ಹಾಕುವವರೂ ಇದ್ದಾರೆ. ತಪ್ಪನ್ನೇ ನೋಡದವರು ಅದನ್ನು ಹುಡುಕಿಕೊಂಡು ಹೋಗುತ್ತಾರೆ. ಮೊದಲ ಮೇಲ್‌ಗೇ ರಿಪ್ಲೈ ಆಲ್ ಒತ್ತಿ ಬರೆದರೆ ಹೆಸರುಗಳ ಗೊಂದಲ ಇರುವುದಿಲ್ಲ. ಆದರೆ ಜಿಮೇಲ್‌ನಲ್ಲಿ ವಿಷಯದ ಸಾಲನ್ನು ಬದಲಿಸಿದರೆ ಅದು ಹಳೆಯ ಸರಪಳಿಯಿಂದ ಕಳಚಿಕೊಂಡು ಬೇರೆಯಾಗಿ ಕೂರುತ್ತದೆ. ಆದರೂ ನಾನು ಬದಲಿಸಿದ್ದನ್ನೇ ಮೆಚ್ಚುತ್ತೇನೆ. ಮೂರು ತಿಂಗಳ ಮೇಲೆ ಹುಡುಕುವವನಿಗೆ ‘ತಿದ್ದುಪಡಿ’ ಎಂಬ ಪದ ಬೇಕು. ಹಳೆಯ ಮೇಲ್‌ನ ಹೊತ್ತನ್ನು ಒಳಗೆ ಬರೆದಿದ್ದರೆ ಎರಡನ್ನೂ ಜೋಡಿಸಿಕೊಳ್ಳುವುದು ಕಷ್ಟವಲ್ಲ.

ಇಷ್ಟೆಲ್ಲ ಕಳಿಸುವವರ ಕಡೆಯ ಮಾತಾಯಿತು. ಪಡೆದವರಿಗೂ ಒಂದು ಸಾಲಿನ ಸಾಲವಿದೆ, ಅದನ್ನು ತೀರಿಸುವವರು ಕಡಿಮೆ. ‘ಇಟ್ಸ್ ಓಕೆ, ನೋ ಪ್ರಾಬ್ಲಂ’ ಎಂದು ಉತ್ತರ ಬರೆದರೆ ಅದು ಕ್ಷಮೆಗೆ ಉತ್ತರ, ಅಂಕಿಗೆ ಅಲ್ಲ. ಕಳಿಸಿದವರಿಗೆ ಬೇಕಾದದ್ದು, ಅಂಕಿ ಬದಲಾಯಿತೇ ಎಂಬುದು. ನಮ್ಮ ಕಿರಿಯ ಅಧಿಕಾರಿ ‘ನೋಟೆಡ್, ಥ್ಯಾಂಕ್ಸ್’ ಎಂದು ಬರೆಯಲು ಹೊರಟಿದ್ದ. ನಾನು ಅಳಿಸಿಸಿ ಬೇರೆ ಬರೆಸಿದೆ: ‘ತಿದ್ದಿದ ಪಟ್ಟಿ ತಲುಪಿದೆ. ಡಿಪಿಯನ್ನು 45 ಲಕ್ಷ ಎಂದು ಇಂದು 3.10ಕ್ಕೆ ನಮೂದಿಸಿದೆ. ಈ ನಡುವೆ ಖಾತೆಯಲ್ಲಿ 45 ಲಕ್ಷ ಮೀರಿ ಯಾವುದೂ ಪಾಸಾಗಿಲ್ಲ.’ ಅವನಿಗೆ ಸ್ವಲ್ಪ ಮುಜುಗರ, ಬೆಳಿಗ್ಗೆ ಎರಡನೆಯ ಪುಟ ಕೂಡಲಿಲ್ಲವಲ್ಲ ಎಂದು. ಅದನ್ನೂ ಬರೆಯಲೇ ಸಾರ್ ಅಂದ. ಬೇಡ, ಅವರಿಗೆ ಅದರಿಂದ ಉಪಯೋಗವಿಲ್ಲ ಅಂದೆ.

ಸೆಪ್ಟೆಂಬರಿನ ಪಟ್ಟಿ ಬಂದಾಗ ಮೊದಲ ಪುಟದಲ್ಲಿ ಹೊಸದೊಂದು ಸಾಲು ಸೇರಿತ್ತು. ಹಿಂದಿನ ತಿಂಗಳ ದಾಸ್ತಾನು, ಈ ತಿಂಗಳದ್ದು, ವ್ಯತ್ಯಾಸ. ಮೂರೂ ಖಾನೆಗಳಿಗೆ ಸೂತ್ರ ಕೊಟ್ಟಿತ್ತು. ಮೇಲ್‌ನಲ್ಲಿ ಅದರ ಬಗ್ಗೆ ಆಕೆ ಏನೂ ಬರೆದಿರಲಿಲ್ಲ. ನಮ್ಮ ಹುಡುಗ ಅದನ್ನು ಕಂಡು ಉಳಿದ ಘಟಕಗಳಿಗೂ ಅಂಥ ಸಾಲು ಹಾಕಿ ಎಂದು ಹೇಳತೊಡಗಿದ. ಅರ್ಧದಷ್ಟು ಜನ ಹಾಕಿದರು. ಉಳಿದರ್ಧ ಜನ ಹಿಂದಿನ ತಿಂಗಳ ಅಂಕಿಯನ್ನೂ ಕೈಯಲ್ಲೇ ಹೊಡೆಯುತ್ತಿದ್ದರು.